ವ್ಯೂಸ್ ಏರಿತು, ನೋಡುವ ಅವಧಿ ಬಿತ್ತು: ಯೂಟ್ಯೂಬ್‌ನ ಎರಡು ವರದಿಗಳನ್ನು ಓದುವುದು ಹೇಗೆ?

"ವ್ಯೂಸ್ ಜಾಸ್ತಿಯಾಗಿದೆ. ಆದರೆ ಜನ ಸರಾಸರಿ ನೋಡುವ ಅವಧಿ ಧಡಕ್ಕನೆ ಬಿದ್ದಿದೆ. ನನ್ನ ವಿಡಿಯೊದಲ್ಲಿ ಏನು ತಪ್ಪಾಯಿತು?" ಯೂಟ್ಯೂಬ್ ಚಾನೆಲ್ ನಡೆಸುವ ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಎಷ್ಟೋ ಸಲ ವಿಡಿಯೊದಲ್ಲಿ ಏನೂ ತಪ್ಪಾಗಿರುವುದಿಲ್ಲ. ಅದನ್ನು ನೋಡುವ ಜಾಗ ಬದಲಾಗಿರುತ್ತದೆ, ಅಷ್ಟೇ.

ಇದನ್ನು ತೋರಿಸಲು ಯೂಟ್ಯೂಬ್ ಸ್ಟುಡಿಯೊದಲ್ಲಿ ಎರಡು ವರದಿಗಳಿವೆ. ಒಂದರ ಹೆಸರು `Device type`. ನೋಡುಗರು ಫೋನ್, ಟಿವಿ, ಕಂಪ್ಯೂಟರ್ ಇವುಗಳಲ್ಲಿ ಯಾವುದರಲ್ಲಿ ನೋಡಿದರು ಅನ್ನುವುದು ಇದರಲ್ಲಿರುತ್ತದೆ. ಇನ್ನೊಂದು `Playback location`. ವಿಡಿಯೊ ಓಡಿದ್ದು ಯೂಟ್ಯೂಬ್‌ನ ಒಳಗೋ, ಬೇರೆಯವರ ವೆಬ್‌ಸೈಟ್‌ನಲ್ಲೋ ಅನ್ನುವುದು ಇದರಲ್ಲಿರುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಮೇಲಿನ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಒಂದೇ ಒಂದು ವಿಡಿಯೊವನ್ನು ಹಿಡಿದುಕೊಂಡು ಹೋಗೋಣ. ಸೈಕಲ್ ಚೈನ್ ಬದಲಿಸುವುದನ್ನು ತೋರಿಸುವ 12 ನಿಮಿಷದ ವಿಡಿಯೊ ಅಂದುಕೊಳ್ಳಿ. ಮೊದಲ 28 ದಿನ ಅದಕ್ಕೆ 4,200 ವ್ಯೂಸ್ ಬಂತು, ಸರಾಸರಿ ಅವಧಿ 4 ನಿಮಿಷ 50 ಸೆಕೆಂಡ್. ಮುಂದಿನ 28 ದಿನ 7,000 ವ್ಯೂಸ್ ಬಂತು, ಸರಾಸರಿ ಅವಧಿ 3 ನಿಮಿಷ 37 ಸೆಕೆಂಡ್‌ಗೆ ಇಳಿಯಿತು. ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡವು. ನಿಮ್ಮ ವಿಡಿಯೊದ ಅಂಕಿ ಬೇರೆ ಇರುತ್ತದೆ, ದಾರಿ ಇದೇ.

ಶುರು ಮಾಡುವ ಮೊದಲು

ಸ್ಟುಡಿಯೊವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆಯಿರಿ. ಫೋನಿನ ಸ್ಟುಡಿಯೊ ಆ್ಯಪ್ ದಿನದ ಅಂಕಿ ನೋಡಲು ಸಾಕು, ಈ ಕೆಲಸಕ್ಕೆ ಸಾಲದು. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಹತ್ತಿರ ಇರಲಿ. ಹೊಸ ವಿಡಿಯೊ ಆದರೆ ಕೆಲವು ವಾರ ಕಾಯಿರಿ. ನೂರಿನ್ನೂರು ವ್ಯೂಸ್ ಇರುವ ವಿಡಿಯೊದಲ್ಲಿ ಟಿವಿ ಸಾಲಿಗೆ ಹತ್ತೋ ಹನ್ನೆರಡೋ ವ್ಯೂಸ್ ಬರುತ್ತದೆ. ಅದರಲ್ಲಿ ಒಬ್ಬರು ಪೂರ್ತಿ ನೋಡಿದರೂ ಸರಾಸರಿ ಎಲ್ಲೋ ಹೋಗಿ ಕೂರುತ್ತದೆ.

ಮೂರು ಪದಗಳ ಅರ್ಥ ಗಟ್ಟಿ ಮಾಡಿಕೊಳ್ಳಿ. `Views` ಅಂದರೆ ವಿಡಿಯೊ ಎಷ್ಟು ಸಲ ಓಡಿತು. `Watch time` ಅಂದರೆ ಎಲ್ಲರೂ ಸೇರಿ ಒಟ್ಟು ಎಷ್ಟು ಹೊತ್ತು ನೋಡಿದರು. ಸ್ಟುಡಿಯೊ ಇದನ್ನು ಗಂಟೆಯಲ್ಲಿ ತೋರಿಸುತ್ತದೆ. 60ರಿಂದ ಗುಣಿಸಿ ನಿಮಿಷ ಮಾಡಿಕೊಂಡರೆ ಲೆಕ್ಕ ಹಗುರ. `Average view duration` ಅಂದರೆ ಒಟ್ಟು ಹೊತ್ತನ್ನು ವ್ಯೂಸ್‌ನಿಂದ ಭಾಗಿಸಿದ್ದು. ಇದೊಂದು ಭಾಗಾಕಾರದ ಉತ್ತರ ಅನ್ನುವುದು ಕೊನೆಯವರೆಗೂ ನೆನಪಿರಲಿ. ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುವುದು.

ಹಂತ 1: ಒಂದು ವಿಡಿಯೊ, ಎರಡು ಅವಧಿ

ಸ್ಟುಡಿಯೊದಲ್ಲಿ ಆ ವಿಡಿಯೊದ `Analytics` ತೆರೆದು, ಅಲ್ಲಿಂದ `Advanced mode`ಗೆ ಹೋಗಿ. ಇಡೀ ಚಾನೆಲ್‌ನ ವರದಿ ತೆರೆಯಬೇಡಿ. ಎಲ್ಲರೂ ಮೊದಲು ಎಡವುವುದು ಇಲ್ಲೇ.

ಇಡೀ ಚಾನೆಲ್ ಯಾಕೆ ಬೇಡ ಅಂದರೆ, ಅದರಲ್ಲಿ ಉದ್ದದ ವಿಡಿಯೊ, ಲೈವ್, ಶಾರ್ಟ್ಸ್ ಎಲ್ಲ ಕಲಸಿಹೋಗಿರುತ್ತವೆ. ಶಾರ್ಟ್ಸ್ ನೋಡುವುದು ಮುಖ್ಯವಾಗಿ ಫೋನಿನಲ್ಲಿ. ಅದೂ ಅಲ್ಲದೆ 2025ರ ಮಾರ್ಚ್ 31ರಿಂದ ಶಾರ್ಟ್ಸ್‌ನ ಎಣಿಕೆಯೇ ಬದಲಾಗಿದೆ. ಈಗ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಮತ್ತೆ ಮೊದಲಿಂದ ಓಡಿದರೂ ಸರಿ, ಒಂದು ವ್ಯೂ ಅಂತ ಲೆಕ್ಕ. ಬೆರಳಿನಿಂದ ಸರಕ್ಕನೆ ತಳ್ಳಿ ಮುಂದೆ ಹೋದವರೂ ಎಣಿಕೆಗೆ ಬರುತ್ತಾರೆ. ಹಾಗಾಗಿ ಶಾರ್ಟ್ಸ್ ಹಾಕುವ ಚಾನೆಲ್‌ನಲ್ಲಿ "ನನ್ನ ನೋಡುಗರೆಲ್ಲ ಫೋನಿನವರೇ" ಅಂತ ಕಾಣುತ್ತದೆ. ಉದ್ದದ ವಿಡಿಯೊ ನೋಡುವವರ ಕಥೆ ಅದರ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ನಿಮಗೆ ಹಲವು ವಿಡಿಯೊಗಳ ಚಿತ್ರವೇ ಬೇಕು ಅಂದರೆ, ಹೆಚ್ಚುಕಡಿಮೆ ಒಂದೇ ಉದ್ದದ ವಿಡಿಯೊಗಳನ್ನು ಆರಿಸಿ ಸ್ಟುಡಿಯೊದಲ್ಲೇ ಒಂದು ಗುಂಪು ಮಾಡಿ, ಆ ಗುಂಪಿನ ವರದಿ ನೋಡಿ.

ಇನ್ನು ದಿನಾಂಕ. ಸರಿಯಾಗಿ 28 ದಿನದ ಎರಡು ಅವಧಿ ಆರಿಸಿ, `Compare to` ಬಳಸಿ ಅಕ್ಕಪಕ್ಕ ಇಡಿ. 28 ಯಾಕೆ ಅಂದರೆ ಅದು ಸರಿಯಾಗಿ ನಾಲ್ಕು ವಾರ. ಎರಡೂ ಕಡೆ ಅಷ್ಟೇ ಭಾನುವಾರ, ಅಷ್ಟೇ ಸೋಮವಾರ ಇರುತ್ತದೆ. 30 ದಿನ ತೆಗೆದುಕೊಂಡರೆ ಒಂದು ಕಡೆ ರಜೆ ದಿನ ಹೆಚ್ಚಾಗಿ, ಟಿವಿ ಸಾಲು ಸುಮ್ನೆ ಉಬ್ಬಬಹುದು. ಕೊನೆಯ ಎರಡು ಮೂರು ದಿನಗಳನ್ನು ಬಿಟ್ಟುಬಿಡಿ, ಆ ಅಂಕಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಸ್ಟುಡಿಯೊದ ದಿನ ಶುರುವಾಗುವುದು ಅಮೆರಿಕದ ಪೆಸಿಫಿಕ್ ಸಮಯದ ಮಧ್ಯರಾತ್ರಿಗೆ ಅನ್ನುವುದೂ ಗೊತ್ತಿರಲಿ. ನೀವು ಬೇರೆಲ್ಲೋ ಇದ್ದರೆ ನಿಮ್ಮ ಕ್ಯಾಲೆಂಡರಿನ ದಿನಕ್ಕೂ ವರದಿಯ ದಿನಕ್ಕೂ ಹೊಂದುವುದಿಲ್ಲ.

ಹಂತ 2: ಯಾವುದರಲ್ಲಿ ನೋಡಿದರು

ಈಗ `Device type` ಆರಿಸಿ. ಫೋನ್, ಕಂಪ್ಯೂಟರ್, ಟಿವಿ, ಟ್ಯಾಬ್ಲೆಟ್ ಅಂತ ಸಾಲುಗಳು ಬರುತ್ತವೆ. ಗೇಮ್ ಕನ್ಸೋಲ್‌ಗೂ ಒಂದು ಸಾಲು ಇರುತ್ತದೆ. ನಮ್ಮ ಸೈಕಲ್ ವಿಡಿಯೊದ ಮೊದಲ ಅವಧಿ ಹೀಗಿತ್ತು:

| ಸಾಧನ | ವ್ಯೂಸ್ | ಒಟ್ಟು ನಿಮಿಷ | ಸರಾಸರಿ ಅವಧಿ |
|---|---|---|---|
| ಫೋನ್ | 2,500 | 9,750 | 3:54 |
| ಕಂಪ್ಯೂಟರ್ | 1,000 | 5,000 | 5:00 |
| ಟಿವಿ | 600 | 5,100 | 8:30 |
| ಟ್ಯಾಬ್ಲೆಟ್ | 100 | 450 | 4:30 |

ವ್ಯೂಸ್ ಕಾಲಂ ಮಾತ್ರ ಓದಿದರೆ ಏನನ್ನಿಸುತ್ತದೆ? ಫೋನ್ ನೂರಕ್ಕೆ ಅರವತ್ತರಷ್ಟು, ಟಿವಿ ನೂರಕ್ಕೆ ಹದಿನಾಲ್ಕು. ಟಿವಿಯವರನ್ನು ಮರೆತುಬಿಡೋಣ ಅನ್ನಿಸುತ್ತದೆ. ಈಗ ಒಟ್ಟು ನಿಮಿಷದ ಕಾಲಂ ಓದಿ. ಫೋನ್ ನೂರಕ್ಕೆ 48ಕ್ಕೆ ಇಳಿಯಿತು. ಟಿವಿ ನೂರಕ್ಕೆ 25ಕ್ಕೆ ಏರಿ ಕಂಪ್ಯೂಟರನ್ನೂ ದಾಟಿತು. ಅಂದರೆ ಈ ವಿಡಿಯೊಗೆ ಜನ ಕೊಟ್ಟ ಹೊತ್ತಿನಲ್ಲಿ ಕಾಲು ಭಾಗ ಟಿವಿಯ ಮುಂದೆ ಕಳೆದದ್ದು.

ಎರಡು ಕಾಲಂಗಳಲ್ಲಿ ಯಾವುದು ಸರಿ ಅಂತ ಕೇಳಬೇಡಿ. ಎರಡೂ ಸರಿ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತವೆ. ಮೊದಲ ಹತ್ತು ಸೆಕೆಂಡ್ ಹೇಗಿರಬೇಕು ಅಂತ ಯೋಚಿಸುವಾಗ ವ್ಯೂಸ್ ನೋಡಿ. ಆ ಹತ್ತು ಸೆಕೆಂಡ್ ನೋಡುವವರಲ್ಲಿ ಫೋನಿನವರೇ ಜಾಸ್ತಿ. ಎಂಟನೆಯ ನಿಮಿಷದಲ್ಲಿ ಪರದೆಯ ಮೇಲೆ ಏನು ಬರೆಯಬೇಕು ಅನ್ನುವಾಗ ಹೊತ್ತಿನ ಕಾಲಂ ನೋಡಿ. ಅಷ್ಟು ಹೊತ್ತಿಗೆ ಉಳಿದವರಲ್ಲಿ ಟಿವಿಯವರ ಪಾಲು ದೊಡ್ಡದಾಗಿರುತ್ತದೆ. ಅವರಿಗೆ "ಕೆಳಗಿನ ಲಿಂಕ್ ಒತ್ತಿ" ಅಂದರೆ ಪ್ರಯೋಜನವಿಲ್ಲ. ರಿಮೋಟ್ ಹಿಡಿದು ಕೂತವರು ವಿವರಣೆಯಲ್ಲಿರುವ ಲಿಂಕಿನ ಹಿಂದೆ ಹೋಗುವುದಿಲ್ಲ. ಕ್ಯೂಆರ್ ಕೋಡ್ ತೋರಿಸಿ. ಅದನ್ನು ಎರಡು ಸೆಕೆಂಡ್ ಮಿಂಚಿಸಿ ತೆಗೆಯಬೇಡಿ, ಫೋನ್ ಹುಡುಕಿ ಕ್ಯಾಮೆರಾ ತೆರೆಯುವಷ್ಟು ಹೊತ್ತು ಇರಲಿ.

ಹಂತ 3: ಆ ಸಾಲುಗಳು ಹೇಳದೇ ಬಿಡುವುದು

ಸಾಧನದ ಸಾಲನ್ನು ನೋಡುಗರ ಸ್ವಭಾವ ಅಂತ ಓದಿಬಿಡುವುದು ಸುಲಭ. "ಟಿವಿಯವರಿಗೆ ತಾಳ್ಮೆ ಜಾಸ್ತಿ" ಅಂತ ಹೇಳಿಬಿಡುತ್ತೇವೆ, ಅಲ್ವಾ? ಸ್ವಲ್ಪ ನಿಧಾನಿಸಿ. ಟಿವಿಯಲ್ಲಿ ಒಂದು ವಿಡಿಯೊ ಮುಗಿದ ಮೇಲೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ನೋಡುವವರು ಅಡುಗೆಮನೆಗೆ ಎದ್ದು ಹೋಗಿರಬಹುದು. ನಿಲ್ಲಿಸಬೇಕು ಅಂದರೆ ರಿಮೋಟ್ ಹುಡುಕಬೇಕು. ಫೋನಿನಲ್ಲಿ ಒಂದು ಬೆರಳು ಸಾಕು. ಆ 8:30ರಲ್ಲಿ ಆಸಕ್ತಿ ಎಷ್ಟು, ಆಲಸ್ಯ ಎಷ್ಟು ಅಂತ ಈ ವರದಿಯಿಂದ ಬೇರೆ ಮಾಡಲು ಆಗುವುದಿಲ್ಲ.

ಇನ್ನೊಂದು ಕಡೆಯಿಂದ ಟಿವಿಯ ಲೆಕ್ಕ ಕಡಿಮೆಯೂ ಆಗುತ್ತದೆ. ಸೋಫಾದ ಮೇಲೆ ನಾಲ್ಕು ಜನ ಕೂತು ನೋಡಿದರೂ ಅದು ಒಂದೇ ವ್ಯೂ.

ಸಾಲು ಸೂಚಿಸುವುದು ವಿಡಿಯೊ ಓಡಿದ ಯಂತ್ರವನ್ನು. ಕಣ್ಣು ನೋಡಿದ ಪರದೆ ಅದೇ ಆಗಿರಬೇಕಿಲ್ಲ. ಲ್ಯಾಪ್‌ಟಾಪಿನಿಂದ ಕೇಬಲ್ ಎಳೆದು ಟಿವಿಯಲ್ಲಿ ನೋಡಿದರೆ ಓಡಿದ್ದು ಲ್ಯಾಪ್‌ಟಾಪಿನಲ್ಲಿ. ಹಾಗಾಗಿ ಅದು ಕಂಪ್ಯೂಟರ್ ಸಾಲಿಗೆ. ಫೋನಿನ ಪರದೆಯನ್ನೇ ಇದ್ದಂತೆ ಟಿವಿಗೆ ಪ್ರತಿಬಿಂಬಿಸಿದರೂ ಓಡುವುದು ಫೋನ್. ಆದರೆ ಯೂಟ್ಯೂಬ್ ಆ್ಯಪಿನ ಕಾಸ್ಟ್ ಗುಂಡಿ ಒತ್ತಿದರೆ ಕಥೆ ಬೇರೆ. ಆಗ ಫೋನ್ ಬರೀ ರಿಮೋಟ್ ಆಗುತ್ತದೆ, ವಿಡಿಯೊವನ್ನು ಇಂಟರ್ನೆಟ್‌ನಿಂದ ಎಳೆದುಕೊಂಡು ಓಡಿಸುವುದು ಟಿವಿ ಕಡೆಯ ಯಂತ್ರ.

ಪಕ್ಕದಲ್ಲೇ ಇರುವ `Operating system` ವರದಿಯನ್ನು ಇದರ ಜೊತೆ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿ. ಅದು ಸಾಧನದ ಒಳಗಿನ ತಂತ್ರಾಂಶದ ಹೆಸರು ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲೂ ಇದೆ, ಟ್ಯಾಬ್ಲೆಟ್‌ನಲ್ಲೂ ಇದೆ. ಆ ಸಾಲನ್ನು "ಫೋನಿನವರು" ಅಂತ ಓದಿದರೆ ಲೆಕ್ಕ ತಪ್ಪುತ್ತದೆ.

ಹಂತ 4: ಎರಡನೆಯ ಅವಧಿಯಲ್ಲಿ ಯಾವ ಸಾಲು ಅಲುಗಾಡಿತು

ಈಗ ಸುಳಿವು ಹುಡುಕುವ ಕೆಲಸ. ಅದೇ ವರದಿಯ ಎರಡನೆಯ 28 ದಿನ ನೋಡಿ. ಟಿವಿಗೆ 640 ವ್ಯೂಸ್, ಸರಾಸರಿ ಮೊದಲಿನಂತೆಯೇ 8:30. ಟ್ಯಾಬ್ಲೆಟ್ 110 ವ್ಯೂಸ್, 4:30. ಇವೆರಡೂ ಅಲುಗಾಡಲಿಲ್ಲ. ಆದರೆ ಫೋನ್ 4,400 ವ್ಯೂಸ್‌ಗೆ ಏರಿ, ಸರಾಸರಿ 3:54ರಿಂದ 2:56ಕ್ಕೆ ಬಿತ್ತು. ಕಂಪ್ಯೂಟರ್ 1,850ಕ್ಕೆ ಏರಿ, 5:00ರಿಂದ 3:28ಕ್ಕೆ ಬಿತ್ತು.

ವಿಡಿಯೊ ಬೇಸರ ತರಿಸುತ್ತಿದ್ದರೆ ಟಿವಿಯವರಿಗೂ ಬೇಸರ ಆಗಬೇಕಿತ್ತು. ಸಾಲುಗಳೆಲ್ಲ ಒಟ್ಟಿಗೆ ಬಿದ್ದರೆ ವಿಡಿಯೊದ ಮೇಲೆ ಅಥವಾ ಅದನ್ನು ಹುಡುಕಿಕೊಂಡು ಬರುವ ಜನರ ಮೇಲೆ ಅನುಮಾನ ಪಡಿ. ಟಿವಿ ಗಟ್ಟಿಯಾಗಿ ನಿಂತು, ಫೋನ್ ಮತ್ತು ಕಂಪ್ಯೂಟರ್ ಮಾತ್ರ ಬಿದ್ದಿದ್ದರೆ ನನ್ನ ಮೊದಲ ಅನುಮಾನ ಎಂಬೆಡ್ ಮೇಲೆ. ಎಂಬೆಡ್ ಅಂದರೆ ಬೇರೆಯವರು ತಮ್ಮ ವೆಬ್‌ಸೈಟ್ ಅಥವಾ ಆ್ಯಪಿನ ಒಳಗೇ ನಿಮ್ಮ ವಿಡಿಯೊದ ಪ್ಲೇಯರನ್ನು ಕೂರಿಸುವುದು. ಟಿವಿಯಲ್ಲಿ ಜನ ಯೂಟ್ಯೂಬ್ ಆ್ಯಪ್ ತೆರೆದು ನೋಡುತ್ತಾರೆ. ವೆಬ್ ಪುಟಗಳನ್ನು ಓದುವುದು ಫೋನು, ಕಂಪ್ಯೂಟರುಗಳಲ್ಲಿ. ಆದ್ದರಿಂದ ಎಂಬೆಡ್ ಹೆಚ್ಚಾದರೆ ಅದರ ಗುರುತು ಆ ಎರಡು ಸಾಲುಗಳಲ್ಲೇ ಬೀಳುತ್ತದೆ.

ಇದು ಇನ್ನೂ ಅನುಮಾನ ಮಾತ್ರ. ಖಾತ್ರಿ ಆಗುವುದು ಮುಂದಿನ ವರದಿಯಲ್ಲಿ.

ಹಂತ 5: ಎಲ್ಲಿ ಓಡಿತು

`Playback location` ಆರಿಸಿ. ದೊಡ್ಡ ಸಾಲು ಸಾಮಾನ್ಯವಾಗಿ `YouTube watch page`. ಅಂದರೆ ವಿಡಿಯೊ ತನ್ನದೇ ಪುಟದಲ್ಲಿ ಓಡಿದ್ದು. ನಿಮ್ಮ ಚಾನೆಲ್ ಪುಟದಲ್ಲೇ ಓಡಿದ್ದಕ್ಕೆ ಬೇರೆ ಸಾಲು. ನಮಗೆ ಮುಖ್ಯವಾದದ್ದು `Embedded in external websites and apps` ಅನ್ನುವ ಸಾಲು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಯೇ ಮುಂದೆ ಹೋಗಬೇಕು. `Traffic source` ಅಂತ ಇನ್ನೊಂದು ವರದಿ ಇದೆ, ಅದರಲ್ಲಿ `External` ಅನ್ನುವ ಸಾಲಿದೆ. ಇದೂ ಅದೂ ಒಂದೇ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಒಂದು ಸೈಕಲ್ ವೆಬ್‌ಸೈಟ್ ನಿಮ್ಮ ವಿಡಿಯೊದ ಲಿಂಕ್ ಕೊಟ್ಟಿದೆ ಅಂದುಕೊಳ್ಳಿ. ಓದುಗ ಒತ್ತಿ, ಯೂಟ್ಯೂಬ್‌ಗೆ ಬಂದು ನೋಡಿದ. ಅವನು ಬಂದ ದಾರಿ ಹೊರಗಿನದು, ವಿಡಿಯೊ ಓಡಿದ ಜಾಗ ಯೂಟ್ಯೂಬ್‌ನದೇ. ಅದೇ ವೆಬ್‌ಸೈಟ್ ಪ್ಲೇಯರನ್ನೇ ತನ್ನ ಪುಟದಲ್ಲಿ ಕೂರಿಸಿದ್ದು, ಓದುಗ ಅಲ್ಲೇ ಪ್ಲೇ ಒತ್ತಿದರೆ ಓಡಿದ ಜಾಗವೂ ಹೊರಗಿನದು. ಒಂದು ವರದಿ ದಾರಿ ಕೇಳುತ್ತದೆ, ಇನ್ನೊಂದು ಜಾಗ ಕೇಳುತ್ತದೆ. ನಮ್ಮ ಪ್ರಶ್ನೆ ಈಗ ಜಾಗದ್ದು.

ನಮ್ಮ ವಿಡಿಯೊದ ಲೆಕ್ಕ ಹೀಗೆ ಬಂತು. ಮೊದಲ ಅವಧಿಯಲ್ಲಿ ಯೂಟ್ಯೂಬ್ ಪುಟದಲ್ಲಿ 4,000 ವ್ಯೂಸ್, ಸರಾಸರಿ 5:00, ಒಟ್ಟು 20,000 ನಿಮಿಷ. ಎಂಬೆಡ್‌ನಲ್ಲಿ 200 ವ್ಯೂಸ್, ಸರಾಸರಿ 1:30, ಒಟ್ಟು 300 ನಿಮಿಷ. ಕೂಡಿದರೆ 20,300 ನಿಮಿಷ, ಅದನ್ನು 4,200ರಿಂದ ಭಾಗಿಸಿದರೆ 4:50.

ಎರಡನೆಯ ಅವಧಿಯಲ್ಲಿ ಯೂಟ್ಯೂಬ್ ಪುಟದಲ್ಲಿ 4,100 ವ್ಯೂಸ್, ಸರಾಸರಿ 5:06, ಒಟ್ಟು 20,910 ನಿಮಿಷ. ಎಂಬೆಡ್‌ನಲ್ಲಿ 2,900 ವ್ಯೂಸ್, ಸರಾಸರಿ ಮತ್ತದೇ 1:30, ಒಟ್ಟು 4,350 ನಿಮಿಷ. ಕೂಡಿದರೆ 25,260 ನಿಮಿಷ, ಅದನ್ನು 7,000ದಿಂದ ಭಾಗಿಸಿದರೆ 3:37.

ಎರಡು ಪ್ಯಾರಾಗಳನ್ನೂ ಮತ್ತೊಮ್ಮೆ ಓದಿ ನೋಡಿ. ಯೂಟ್ಯೂಬ್ ಪುಟದಲ್ಲಿ ಸರಾಸರಿ ಆರು ಸೆಕೆಂಡ್ ಏರಿದೆ. ಎಂಬೆಡ್‌ನಲ್ಲಿ ಇದ್ದಲ್ಲೇ ಇದೆ. ಯಾವ ಸಾಲೂ ಬಿದ್ದಿಲ್ಲ! ಆದರೂ ಒಟ್ಟು ಸರಾಸರಿ ಒಂದು ನಿಮಿಷಕ್ಕಿಂತ ಹೆಚ್ಚು ಬಿದ್ದಿದೆ. ಚಿಕ್ಕದಾಗಿ ನೋಡುವವರ ಗುಂಪು 200ರಿಂದ 2,900ಕ್ಕೆ ಬೆಳೆದು, ಭಾಗಾಕಾರದಲ್ಲಿ ಎಲ್ಲರನ್ನೂ ಕೆಳಗೆ ಎಳೆಯಿತು. ಮುಖಪುಟದ ಒಂದೇ ಅಂಕಿ ನೋಡಿ ಗಾಬರಿಯಾಗಿ ವಿಡಿಯೊದ ಮೊದಲ ಭಾಗ ಕತ್ತರಿಸಿದ್ದರೆ, ಚೆನ್ನಾಗಿ ನಡೆಯುತ್ತಿದ್ದದ್ದನ್ನೇ ಕೆಡಿಸಿದ ಹಾಗಾಗುತ್ತಿತ್ತು.

ನಿಮ್ಮ ಲೆಕ್ಕದಲ್ಲಿ ಯೂಟ್ಯೂಬ್ ಪುಟದ ಸಾಲೇ ಬಿದ್ದಿದ್ದರೆ ಈ ಲೇಖನದ ಉಳಿದ ಭಾಗ ನಿಮಗಲ್ಲ. ಆಗ ನೋಡಬೇಕಾದದ್ದು `Traffic source`. ಹೊಸದಾಗಿ ಯಾವ ದಾರಿಯಿಂದ ಜನ ಬರುತ್ತಿದ್ದಾರೆ ಅಂತ ಅಲ್ಲಿ ಹುಡುಕಿ.

ಹಂತ 6: ಎಂಬೆಡ್ ಸಾಲಿನ ಒಳಗೆ ಹೋಗಿ

ಎಂಬೆಡ್ ಸಾಲಿನ ಹೆಸರಿನ ಮೇಲೆ ಒತ್ತಿದರೆ ಯಾವ ವೆಬ್‌ಸೈಟ್, ಯಾವ ಆ್ಯಪ್ ಅನ್ನುವ ಪಟ್ಟಿ ತೆರೆಯುತ್ತದೆ. ಹೆಚ್ಚಾಗಿ ಮೇಲಿನ ಒಂದೋ ಎರಡೋ ಹೆಸರಿನಲ್ಲೇ ಕಥೆ ಮುಗಿಯುತ್ತದೆ. ನಮ್ಮ ಉದಾಹರಣೆಯಲ್ಲಿ 2,900ರಲ್ಲಿ 2,600 ಒಂದೇ ಸೈಕಲ್ ರಿಪೇರಿ ಸೈಟಿನದು.

ಪಟ್ಟಿಯಲ್ಲಿ ಸಿಗುವುದು ಸೈಟಿನ ಹೆಸರು. ಯಾವ ಪುಟ ಅಂತ ನೀವೇ ಹುಡುಕಬೇಕು. ಆ ಸೈಟಿಗೆ ಹೋಗಿ ನಿಮ್ಮ ವಿಡಿಯೊದ ವಿಷಯವನ್ನು ಹುಡುಕಿ. ಸಿಕ್ಕ ಪುಟದಲ್ಲಿ ಪ್ಲೇಯರ್ ಎಲ್ಲಿದೆ ನೋಡಿ. ಎಲ್ಲಕ್ಕಿಂತ ಮೇಲೆ ದೊಡ್ಡದಾಗಿದೆಯೋ, ಹತ್ತು ಪ್ಯಾರಾ ಕೆಳಗಿದೆಯೋ? ಅದರ ಹಿಂದಿನ ಸಾಲಿನಲ್ಲಿ ಏನು ಬರೆದಿದ್ದಾರೆ? ಆಮೇಲೆ ಬ್ರೌಸರ್‌ನಲ್ಲಿ ಪುಟದ ಸೋರ್ಸ್, ಅಂದರೆ ಪುಟದ ಹಿಂದಿರುವ ಕೋಡ್, ತೆರೆದು ಪ್ಲೇಯರಿನ ವಿಳಾಸ ಓದಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿತ್ತು:

```
https://www.youtube.com/embed/VIDEO_ID?start=425
```

ಕೊನೆಯ `start=425` ನೋಡಿ. ವಿಡಿಯೊ 425ನೆಯ ಸೆಕೆಂಡಿನಿಂದ ಶುರುವಾಗಲಿ ಅಂತ ಅರ್ಥ, ಅಂದರೆ 7 ನಿಮಿಷ 5 ಸೆಕೆಂಡ್. ಆ ಸೈಟಿನವರು ಬರೆದಿದ್ದು ಚೈನಿನ ಎರಡು ತುದಿ ಸೇರಿಸುವ ಕೊಂಡಿಯ ಬಗ್ಗೆ. ಅವರಿಗೆ ಬೇಕಿದ್ದದ್ದು ನಿಮ್ಮ ವಿಡಿಯೊದಲ್ಲಿ ಆ ಕೊಂಡಿ ಹಾಕುವ ಒಂದೂವರೆ ನಿಮಿಷ ಮಾತ್ರ. ಓದುಗರು ಅಲ್ಲಿಂದ ಶುರು ಮಾಡಿ, ಕೊಂಡಿ ಟಕ್ ಅಂತ ಕೂತದ್ದನ್ನು ನೋಡಿ, ಮುಚ್ಚಿ, ತಮ್ಮ ಸೈಕಲ್ಲಿನ ಕಡೆ ತಿರುಗಿದರು. 1:30 ಅಂದರೆ ಅವರು ಬೇಸತ್ತು ಬಿಟ್ಟದ್ದಲ್ಲ. ಬೇಕಾದದ್ದು ಸಿಕ್ಕಿ ಹೋದದ್ದು.

ಇದನ್ನು ಖಾತ್ರಿ ಮಾಡಿಕೊಳ್ಳಲು ವಿಡಿಯೊದ ರಿಟೆನ್ಷನ್ ಗ್ರಾಫ್ ತೆರೆಯಿರಿ. ವಿಡಿಯೊದ ಯಾವ ಕ್ಷಣವನ್ನು ಎಷ್ಟು ಪಾಲು ಜನ ನೋಡುತ್ತಿದ್ದರು ಅನ್ನುವ ಗೆರೆ ಅದು. ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುತ್ತದೆ. ನಮ್ಮ ವಿಡಿಯೊದಲ್ಲಿ ಎರಡನೆಯ ಅವಧಿಯ ಗೆರೆ ಶುರುವಿನಲ್ಲೇ ಮೊದಲಿಗಿಂತ ಕೆಳಗಿರುತ್ತದೆ, 7:05ರ ಹತ್ತಿರ ದಿಬ್ಬದಂತೆ ಎದ್ದು, ಎಂಟೂವರೆಯ ಆಸುಪಾಸು ಮತ್ತೆ ಇಳಿಯುತ್ತದೆ. ಆ ದಿಬ್ಬ ಕಂಡರೆ ನಿಮ್ಮ ಊಹೆ ಸರಿ. ದಿಬ್ಬ ಇಲ್ಲದೆ, ಶುರುವಿನ ಒಂದೂವರೆ ನಿಮಿಷದಲ್ಲೇ ಗೆರೆ ಕಡಿದಾಗಿ ಬಿದ್ದಿದ್ದರೆ ಕಥೆ ಬೇರೆ. ಆಗ ಸೈಟಿನ ಓದುಗರು ಮೊದಲಿನಿಂದ ನೋಡಿ, ತಮಗೆ ಬೇಕಾದದ್ದು ಬೇಗ ಸಿಗದೆ ಬಿಟ್ಟಿದ್ದಾರೆ.

ಈ ಹಂತದಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು, ಥಂಬ್‌ನೇಲ್ ಎಷ್ಟು ಜನಕ್ಕೆ ಕಂಡಿತು, ಎಷ್ಟು ಜನ ಒತ್ತಿದರು ಅನ್ನುವ ಅಂಕಿಗಳನ್ನು ಇದಕ್ಕೆ ಜೋಡಿಸುವುದು. ಆ `Impressions` ಲೆಕ್ಕಕ್ಕೆ ಹೊರಗಿನ ಸೈಟುಗಳಲ್ಲಿ ಕಂಡದ್ದು ಸೇರುವುದೇ ಇಲ್ಲ. ಹಾಗಾಗಿ ಎಂಬೆಡ್ ವ್ಯೂಸ್ ಏರಿದಾಗ ಥಂಬ್‌ನೇಲ್ ಬದಲಿಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು, "ಪುಟ ತೆರೆದ ಕೂಡಲೇ ವಿಡಿಯೊ ತಾನಾಗಿ ಓಡುತ್ತಿರಬೇಕು, ಇದು ಸುಳ್ಳು ವ್ಯೂಸ್" ಅಂತ ತಳ್ಳಿಹಾಕುವುದು. ಯೂಟ್ಯೂಬ್ ತನ್ನ ಪ್ಲೇಯರ್ ಬಳಸುವ ಡೆವಲಪರ್‌ಗಳಿಗೆ ಹೇಳಿರುವ ಪ್ರಕಾರ, ಪ್ಲೇಯರಿನ ಸ್ವಂತ ಪ್ಲೇ ಗುಂಡಿಯಿಂದ ಶುರುವಾದದ್ದು ಮಾತ್ರ ಅಧಿಕೃತ ಎಣಿಕೆಗೆ ಸೇರುತ್ತದೆ. ಆದ್ದರಿಂದ ಆ 2,600ನ್ನು ಪ್ಲೇ ಒತ್ತಿದವರು ಅಂತಲೇ ಹಿಡಿಯಿರಿ.

ಹಂತ 7: ಈಗ ಏನು ಮಾಡಬೇಕು

ಮೊದಲು, ಏನು ಮಾಡಬಾರದು ಅನ್ನುವುದು. ವಿಡಿಯೊದ ವಿವರಗಳ ಪುಟದಲ್ಲಿ ಕೆಳಗೆ `Allow embedding` ಅಂತ ಒಂದು ಗುರುತು ಇರುತ್ತದೆ. ಅದನ್ನು ತೆಗೆದರೆ ಹೊರಗಿನ ಸೈಟುಗಳಲ್ಲಿ ವಿಡಿಯೊ ಓಡುವುದು ನಿಲ್ಲುತ್ತದೆ. ಸರಾಸರಿ ಮತ್ತೆ ಐದು ನಿಮಿಷಕ್ಕೆ ಏರುತ್ತದೆ, ನೋಡಲು ಚಂದ. ಆದರೆ ಅದಕ್ಕೆ ನೀವು ತೆತ್ತದ್ದು 4,350 ನಿಮಿಷ ಮತ್ತು ನಿಮ್ಮ ಕೆಲಸವನ್ನು ನಂಬಿ ತನ್ನ ಪುಟದಲ್ಲಿ ಜಾಗ ಕೊಟ್ಟ ಒಂದು ಸೈಟ್. ವಿಡಿಯೊವನ್ನು ಯಾರೋ ನಿಮಗೆ ಒಪ್ಪಿಗೆಯಾಗದ ಪುಟದಲ್ಲಿ ಹಾಕಿಕೊಂಡಿದ್ದರೆ ಮಾತ್ರ ಆ ಗುರುತು ತೆಗೆಯುವ ಯೋಚನೆ ಮಾಡಿ. ಅದು ಒಂದು ಸೈಟಿಗೆ ಅಂತ ಅಲ್ಲ, ಎಲ್ಲ ಸೈಟುಗಳಿಗೂ ಅನ್ವಯಿಸುತ್ತದೆ ಅನ್ನುವುದೂ ಗೊತ್ತಿರಲಿ.

ಇನ್ನು ಮಾಡಬೇಕಾದದ್ದು. ವಿಡಿಯೊವನ್ನು 7:05ಕ್ಕೆ ತಂದು, ಅಪರಿಚಿತರ ಕಣ್ಣಿನಿಂದ ನೋಡಿ. "ಆಗಲೇ ಹೇಳಿದೆನಲ್ಲ, ಆ ಇಕ್ಕಳ ತಗೊಳ್ಳಿ" ಅಂತ ನೀವು ಹೇಳುತ್ತಿದ್ದರೆ, 2,600 ಜನಕ್ಕೆ ಆ "ಆಗಲೇ" ಗೊತ್ತೇ ಇಲ್ಲ. ಅವರು ಮೊದಲ ಏಳು ನಿಮಿಷ ನೋಡಿಲ್ಲ. ಹಳೆಯ ವಿಡಿಯೊದ ಮಾತನ್ನು ಬದಲಿಸಲು ಆಗದು. ಮುಂದಿನ ವಿಡಿಯೊಗಳಲ್ಲಿ ಪ್ರತಿ ಭಾಗದ ಶುರುವಿಗೆ ಬೇಕಾದ ಸಾಮಾನಿನ ಹೆಸರನ್ನು ಒಮ್ಮೆ ಪೂರ್ತಿ ಹೇಳುವುದು ಅಭ್ಯಾಸ ಮಾಡಿಕೊಳ್ಳಿ.

ಈ ವಿಡಿಯೊಗೆ ನಾನಾದರೆ ಕೊಂಡಿ ಹಾಕುವುದನ್ನಷ್ಟೇ ತೋರಿಸುವ ಎರಡು ನಿಮಿಷದ ಹೊಸ ವಿಡಿಯೊ ಮಾಡುತ್ತಿದ್ದೆ. ಕೈ ಮತ್ತು ಕೊಂಡಿ ಪರದೆ ತುಂಬಾ ಕಾಣುವಂತೆ ಹತ್ತಿರದಿಂದ ತೆಗೆಯುತ್ತಿದ್ದೆ. ಹೊರಗಿನ ಪುಟದ ಪ್ಲೇಯರ್ ಚಿಕ್ಕದು, ಫೋನಿನಲ್ಲಂತೂ ಇನ್ನೂ ಚಿಕ್ಕದು. ಆಮೇಲೆ ಆ ಸೈಟಿನವರಿಗೆ ಒಂದು ಪತ್ರ ಬರೆಯುತ್ತಿದ್ದೆ: "ನಿಮ್ಮ ಪುಟಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ, ಬೇಕಿದ್ದರೆ ಬದಲಿಸಿಕೊಳ್ಳಿ." 12 ನಿಮಿಷದ ವಿಡಿಯೊವನ್ನು ಮುಟ್ಟದೆ ಬಿಡುತ್ತಿದ್ದೆ. ಅದು ಟಿವಿಯವರಿಗೂ ಯೂಟ್ಯೂಬ್ ಪುಟದವರಿಗೂ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಅದರ ವಿವರಣೆಯಲ್ಲಿ ಅಧ್ಯಾಯಗಳನ್ನು ಮಾತ್ರ ಸೇರಿಸಿ, ಅಂದರೆ ಸಮಯ ಮತ್ತು ಭಾಗದ ಹೆಸರು. ಮೊದಲನೆಯದು `0:00` ಆಗಿರಬೇಕು, ಕಡಿಮೆ ಅಂದರೆ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಚಿಕ್ಕದಾಗಿರಬಾರದು. ಕೊಂಡಿ ಬೇಕಿದ್ದವರು ಯೂಟ್ಯೂಬ್ ಒಳಗೂ ಇರುತ್ತಾರಲ್ಲ, ಅವರಿಗೆ ದಾರಿ ಸಿಗುತ್ತದೆ. ಹೀಗೆ ಮಾಡಿದ ಮೇಲೆ ಯೂಟ್ಯೂಬ್ ಪುಟದ ಸರಾಸರಿಯೂ ಸ್ವಲ್ಪ ಇಳಿಯಬಹುದು. ಜನ ನೇರವಾಗಿ 7:05ಕ್ಕೆ ಹಾರಿ, ನೋಡಿ, ಎದ್ದು ಹೋಗುತ್ತಾರೆ. ಅದಕ್ಕೆ ಅಧ್ಯಾಯ ಸೇರಿಸಿದ ದಿನಾಂಕವನ್ನು ಹಾಳೆಯಲ್ಲಿ ಬರೆದಿಡಿ.

ಮುಂದಿನ 28 ದಿನ ಮುಗಿದು, ಮೂರು ದಿನ ಕಳೆದ ಮೇಲೆ ಅದೇ ಎರಡು ವರದಿಗಳನ್ನು ಮತ್ತೆ ತೆರೆಯಿರಿ. ಈ ಸಲ ಒಟ್ಟು ಸರಾಸರಿಯನ್ನು ಬಿಟ್ಟು, ಯೂಟ್ಯೂಬ್ ಪುಟದ ಸಾಲು ಮತ್ತು ಟಿವಿ ಸಾಲನ್ನು ಮೊದಲು ಓದಿ.